ಹಾಸನದಲ್ಲಿ ಹೊಸ ವಾಟರ್ ಪ್ಯೂರಿಫೈಯರ್: ಲೆಕ್ಕ ಮೇಲಿನಿಂದಲೋ, ಕೆಳಗಿನಿಂದಲೋ?

ಹಾಸನ ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ವಾಟರ್ ಪ್ಯೂರಿಫೈಯರ್ ಮಾರಾಟವಾಗಬಹುದು ಎಂದು ಅಂದಾಜಿಸಲು ಎರಡು ದಾರಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,76,421. ಮನೆಗೆ ನಾಲ್ವರೆಂದರೆ ಸುಮಾರು 4.44 ಲಕ್ಷ ಮನೆ. ನೂರಕ್ಕೆ ಹತ್ತು ಮನೆ ಕೊಳ್ಳುತ್ತವೆಂದು ಊಹಿಸಿದರೆ 44,400. ಮೇಲಿನಿಂದ ಇಳಿಯುವ ಈ ಲೆಕ್ಕ ಅರ್ಧ ಗಂಟೆಯ ಕೆಲಸ. ಆದರೆ ಅದು ವರ್ಷದ ಮಾರಾಟವಲ್ಲ, ಕೊಳ್ಳುವ ಮನೆಗಳ ಒಟ್ಟು ಸಂಖ್ಯೆ. ಯಂತ್ರ ಏಳು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 6,300 ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ.

ಕೆಳಗಿನಿಂದ ಏರುವ ಲೆಕ್ಕಕ್ಕೆ ಅಂಗಡಿ ಸುತ್ತಬೇಕು. 40 ಅಂಗಡಿ, ತಿಂಗಳಿಗೆ ತಲಾ ಆರು ಎಂದುಕೊಂಡರೆ ವರ್ಷಕ್ಕೆ 2,880. ಹಬ್ಬದ ತಿಂಗಳ ಮಾರಾಟವನ್ನೇ ಹನ್ನೆರಡರಿಂದ ಗುಣಿಸಿದರೆ ಅಂಕಿ ಉಬ್ಬುತ್ತದೆ. ಆನ್‌ಲೈನ್ ಮಾರಾಟ ಬಿಟ್ಟರೆ ಕುಗ್ಗುತ್ತದೆ.

6,300ಕ್ಕೂ 2,880ಕ್ಕೂ ಸರಾಸರಿ ತೆಗೆಯಬೇಡಿ, ಅಂತರದ ಕಾರಣ ಹುಡುಕಿ. ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಹಿಡಿದು ಅರಸೀಕೆರೆ ಕಡೆಯ ಬೋರ್‌ವೆಲ್ ನೀರನ್ನೂ ಸಕಲೇಶಪುರದ ಬಾವಿ ನೀರನ್ನೂ ಅಳೆಯಿರಿ. ಟಿಡಿಎಸ್ ಕಡಿಮೆಯಿದ್ದಲ್ಲಿ ಲವಣ ತೆಗೆಯುವ ಆರ್‌ಒ ಬೇಡ, ರೋಗಾಣು ಕೊಲ್ಲುವ ಯುವಿ ಸಾಕು. ಆ ಮನೆಗಳು ಆರ್‌ಒ ಲೆಕ್ಕದಿಂದ ಹೊರಗೆ. ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವವರನ್ನೂ ಕಳೆಯಿರಿ.

ಸಾಲದ ಅರ್ಜಿಗೆ ಮೊದಲ ಲೆಕ್ಕ ಸಾಕು. ಮೊದಲ ಲೋಡ್ ತರಿಸುವುದಿದ್ದರೆ ಎರಡನೆಯದನ್ನೇ ನಂಬಿ.