ಇಸಬ್‌ಗೋಲ್, ಗೋಧಿ ತೌಡು, ರಾಗಿ-ಕಾಳು: ಕರುಳಿನ ಚೀಲಗಳಿರುವ ನನಗೆ ಯಾವ ನಾರು ಹೊಂದಿತು

ನನಗೀಗ 68 ವರ್ಷ. ಹೋದ ವರ್ಷ ಎಡಗಡೆ ಕಿಬ್ಬೊಟ್ಟೆಯಲ್ಲಿ ನೋವು ಬಂದು, ಜೊತೆಗೆ ಜ್ವರವೂ ಬಂದು, ಸಿಟಿ ಸ್ಕ್ಯಾನ್ ಮಾಡಿಸಿದಾಗ ಡೈವರ್ಟಿಕ್ಯುಲೈಟಿಸ್ ಅಂತ ತಿಳಿಯಿತು. ಗುಣವಾದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: "ನಾರು ಜಾಸ್ತಿ ಮಾಡಿ, ಆದರೆ ನಿಧಾನವಾಗಿ." ಯಾವ ನಾರು ಅಂತ ಕೇಳಿದ್ದಕ್ಕೆ, ನಿಮ್ಮ ಹೊಟ್ಟೆಗೆ ಒಗ್ಗುವುದನ್ನು ನೋಡಿಕೊಳ್ಳಿ ಅಂದರು. ಹಾಗಾಗಿ ಮೂರು ದಾರಿಗಳನ್ನು ಒಂದಾದ ಮೇಲೊಂದು ಹಿಡಿದು ನೋಡಿದೆ. ನನ್ನ ವಯಸ್ಸಿನವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಈ ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ದೊಡ್ಡ ಕರುಳಿನ ಗೋಡೆಯಲ್ಲಿ ಮಾಂಸದ ಪದರ ಇರುತ್ತದೆ. ರಕ್ತನಾಳಗಳು ಆ ಪದರವನ್ನು ತೂರಿ ಒಳಗೆ ಹೋಗುವ ಜಾಗಗಳು ಸ್ವಲ್ಪ ದುರ್ಬಲ. ವಯಸ್ಸಾದಂತೆ, ಕರುಳಿನೊಳಗಿನ ಒತ್ತಡ ಹೆಚ್ಚಾದಂತೆ, ಸವೆದ ಟೈರಿನಿಂದ ಟ್ಯೂಬು ಉಬ್ಬಿ ಹೊರಗೆ ಇಣುಕುವ ಹಾಗೆ ಒಳಪದರ ಅಲ್ಲಲ್ಲಿ ಹೊರಗೆ ಚಾಚಿ ಸಣ್ಣ ಚೀಲಗಳಾಗುತ್ತವೆ. ಇದು ಡೈವರ್ಟಿಕ್ಯುಲೋಸಿಸ್. ವಯಸ್ಸಾದ ತುಂಬಾ ಜನರಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಆ ಚೀಲ ಊದಿಕೊಂಡು ಸೋಂಕಾದರೆ ಅದು ಡೈವರ್ಟಿಕ್ಯುಲೈಟಿಸ್. ಚೀಲದ ಪಕ್ಕದ ರಕ್ತನಾಳ ಒಡೆದರೆ ರಕ್ತಸ್ರಾವ. ಒಮ್ಮೆ ಆದ ಚೀಲವನ್ನು ಯಾವ ನಾರೂ ಮಾಯ ಮಾಡುವುದಿಲ್ಲ. ನಾರು ಮಲವನ್ನು ಮೆತ್ತಗೆ, ದಪ್ಪಗೆ ಇಡುತ್ತದೆ. ಆಗ ಅದನ್ನು ಮುಂದೆ ತಳ್ಳಲು ಕರುಳು ಅಷ್ಟು ಬಿಗಿಯಾಗಿ ಹಿಂಡಬೇಕಾಗುವುದಿಲ್ಲ.

ಈ ಮೂರನ್ನೂ ನಾನು ನೋಡಿದ್ದು ಪೂರ್ತಿ ಗುಣವಾದ ಮೇಲೆ. ನೋವು, ಜ್ವರ ಇರುವಾಗ ನಾರು ಬೇಡವೇ ಬೇಡ. ಆಗ ಗಂಜಿ ತಿಳಿ, ಎಳನೀರು, ತೆಳು ಮಜ್ಜಿಗೆ, ಆಮೇಲೆ ಮೆತ್ತಗಿನ ಅನ್ನ, ಹೀಗೆ ಡಾಕ್ಟರು ಹೇಳಿದಂತೆ ನಡೆಯಿತು. ಆರೆಂಟು ವಾರ ಕಳೆದ ಮೇಲೆ ಕೊಲೊನೋಸ್ಕೋಪಿ ಮಾಡಿದರು. ಕರುಳು ಊದಿಕೊಂಡಿರುವಾಗ ಅದನ್ನು ಮಾಡಿದರೆ ತೂತು ಬೀಳುವ ಅಪಾಯ ಇದೆಯಂತೆ, ಅದಕ್ಕೇ ಕಾಯುವುದು. ಮಾಡುವುದು ಯಾಕೆಂದರೆ, ಅದೇ ಜಾಗದಲ್ಲಿ ಕ್ಯಾನ್ಸರ್ ಅಡಗಿಲ್ಲ ಅಂತ ಖಚಿತ ಮಾಡಿಕೊಳ್ಳಲು.

ಇಸಬ್‌ಗೋಲ್‌ನಿಂದ ಶುರು ಮಾಡಿದೆ. ಬಿಳಿ ಹೊಟ್ಟು, ಮೆಡಿಕಲ್ ಶಾಪಿನಲ್ಲೂ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ಹತ್ತು ಗ್ರಾಂ ಹೊಟ್ಟಿನಲ್ಲಿ ಸುಮಾರು 8 ಗ್ರಾಂ ನಾರೇ ಇರುತ್ತದೆ. ಅದರಲ್ಲಿ ಬಹುಪಾಲು ನೀರು ಹೀರಿ ಲೋಳೆಯಾಗುವ ಬಗೆಯದು. ಮೂರರಲ್ಲಿ ಬೇಗ ಗುಣ ಕಾಣಿಸಿದ್ದು ಇದೇ. ಒಂದು ಚಮಚದಿಂದ ಶುರು ಮಾಡಿ, ವಾರ ಬಿಟ್ಟು ಎರಡಕ್ಕೆ ಏರಿಸಿದೆ. ಮಲಕ್ಕೆ ಹೋದಾಗ ಮುಕ್ಕುವುದು ನಿಂತಿತು. ಗ್ಯಾಸ್ ಕೂಡ ನಾನು ಹೆದರಿದಷ್ಟು ಆಗಲಿಲ್ಲ.

ಆದರೆ ಇದನ್ನು ತೆಗೆದುಕೊಳ್ಳುವ ಕ್ರಮ ಮುಖ್ಯ. ತುಂಬಿದ ದೊಡ್ಡ ಲೋಟ ನೀರಿಗೆ ಹಾಕಿ, ಕಲಕಿದ ತಕ್ಷಣ ಕುಡಿಯಬೇಕು, ಮೇಲೆ ಇನ್ನೊಂದಿಷ್ಟು ನೀರು ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೋ ಕರುಳಲ್ಲೋ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು. ನುಂಗಲು ತೊಂದರೆ ಇರುವ ಹಿರಿಯರಿಗೆ ಇದು ಬೇಡ. ನಮ್ಮಲ್ಲಿ ಮಲಗುವ ಮುಂಚೆ ಬಿಸಿ ಹಾಲಿಗೆ ಹಾಕಿ ಕುಡಿದು ಹಾಗೇ ಹಾಸಿಗೆಗೆ ಹೋಗುವ ರೂಢಿ ಇದೆ ಅಲ್ವಾ, ಅದೂ ಒಳ್ಳೆಯದಲ್ಲ. ನಾನು ಸಂಜೆ ಐದರ ಹೊತ್ತಿಗೆ ಕುಡಿಯುತ್ತಿದ್ದೆ. ನನಗೆ ಥೈರಾಯ್ಡ್ ಮಾತ್ರೆ ಇದೆ, ಅದು ಬೆಳಿಗ್ಗೆ ಖಾಲಿ ಹೊಟ್ಟೆಗೆ. ಇಸಬ್‌ಗೋಲ್ ಮಾತ್ರೆಯನ್ನು ಹೀರಿಕೊಂಡುಬಿಡಬಹುದು, ಅದಕ್ಕೇ ಎರಡಕ್ಕೂ ಮಧ್ಯೆ ಕೆಲವು ಗಂಟೆ ಅಂತರ ಬೇಕು. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಕಡಿಮೆ ಕುಡಿಯಿರಿ ಅಂತ ಹೇಳಿಸಿಕೊಂಡವರು ಮೊದಲು ಡಾಕ್ಟರನ್ನೇ ಕೇಳಬೇಕು. ಸಕ್ಕರೆ ಕಾಯಿಲೆ ಇದ್ದರೆ ಪೊಟ್ಟಣ ತಿರುಗಿಸಿ ಓದಿ, ಕಿತ್ತಳೆ ರುಚಿಯ ಕೆಲವು ಪುಡಿಗಳಲ್ಲಿ ಸಕ್ಕರೆ ಇರುತ್ತದೆ.

ವೀಟ್ ಬ್ರ್ಯಾನ್ ಅಂತ ಸಿಗುವ ಗೋಧಿ ತೌಡಿನ ಬಗ್ಗೆ ಹೇಳುವುದು ಕಡಿಮೆ. ಚಪಾತಿ ಹಿಟ್ಟಿಗೆ ಎರಡು ಚಮಚ ಕಲಸಿದೆ, ಮಜ್ಜಿಗೆಗೂ ಹಾಕಿದೆ. ಇದು ನೀರಿನಲ್ಲಿ ಕರಗದ ಒರಟು ನಾರು. ಮಲ ದಪ್ಪವಾಯಿತು ನಿಜ, ಆದರೆ ಹೊಟ್ಟೆ ಉಬ್ಬರ, ಎಡಗಡೆ ಹಿಂಡಿದಂತೆ ನೋವು ಶುರುವಾಯಿತು. ಪ್ರಮಾಣ ಇಳಿಸಿದರೂ ಹೋಗಲಿಲ್ಲ, ಬಿಟ್ಟ ಮೇಲೆ ಹೋಯಿತು. ಕೆಲವರಿಗೆ ಇದೇ ಒಗ್ಗುತ್ತದೆ. ಚೀಲಗಳ ಜೊತೆ ಕರುಳು ಸೂಕ್ಷ್ಮವಾಗಿರುವವರಿಗೆ ನಾನಂತೂ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಕೊನೆಗೆ ಅಡುಗೆಮನೆಗೇ ಬಂದೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಬೆಳಿಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು. ಲೆಕ್ಕ ಹಾಕಿದಾಗ ಬೇಜಾರಾಯಿತು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಧ್ಯಾಹ್ನದ ಅನ್ನದ ಬದಲು ನೂರು ಗ್ರಾಂ ಹಿಟ್ಟಿನ ಮುದ್ದೆ ಮಾಡಿದೆ, ಅಲ್ಲಿಗೆ 11 ಗ್ರಾಂ. ಸಾರಿಗೆ ಒಂದು ಹಿಡಿ ಇಡೀ ಹೆಸರುಕಾಳು, ಅಂದರೆ ಸುಮಾರು 30 ಗ್ರಾಂ, ಅದರಿಂದ 5 ಗ್ರಾಂ. ಸಂಜೆ ಒಂದು ಮಧ್ಯಮ ಗಾತ್ರದ ಸೀಬೆಹಣ್ಣು, ಅದರಿಂದ 8 ಗ್ರಾಂ. ಬೀನ್ಸ್ ಪಲ್ಯ, ಸೊಪ್ಪು, ರಾತ್ರಿಯ ಅನ್ನ ಎಲ್ಲ ಸೇರಿದರೆ ಪುಡಿಯ ಹಂಗಿಲ್ಲದೆ ಲೆಕ್ಕ ಮುಟ್ಟುತ್ತದೆ.

ಇದನ್ನೆಲ್ಲ ಒಂದೇ ದಿನ ಶುರು ಮಾಡಲಿಲ್ಲ. ಮೊದಲು ಮುದ್ದೆ ಮಾತ್ರ, ಅದು ಒಗ್ಗಿದ ಮೇಲೆ ಕಾಳು. ಕಾಳು ಅಂದರೆ ಗ್ಯಾಸ್ ಖಂಡಿತ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಕಡಿಮೆಯಾಗುತ್ತದೆ. ಹುರುಳಿಕಾಳು, ಅವರೆಕಾಳು ನನಗೆ ಕಷ್ಟ, ಹೆಸರು ಸುಲಭ. ಹಲ್ಲಿಲ್ಲದವರಿಗೆ ಮುದ್ದೆ ಅನುಕೂಲ, ಅಗಿಯುವ ಕೆಲಸವೇ ಇಲ್ಲ.

ಸೀಬೆಹಣ್ಣು ಅಂದ ಕೂಡಲೇ ನನ್ನ ಓರಗಿತ್ತಿ ಗಾಬರಿಯಾದಳು. "ಅಕ್ಕಾ, ಬೀಜ ಹೋಗಿ ಆ ಚೀಲದಲ್ಲಿ ಸಿಕ್ಕಿಕೊಂಡರೆ?" ಅಂತ ಕೇಳಿದಳು. ಹಳೇ ಕಾಲದಲ್ಲಿ ಡಾಕ್ಟರುಗಳೂ ಇದನ್ನೇ ಹೇಳುತ್ತಿದ್ದರು. ಆದರೆ 2008ರಲ್ಲಿ ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು ಹದಿನೆಂಟು ವರ್ಷ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಬಾದಾಮಿಯಂಥ ಬೀಜಗಳು, ಜೋಳದ ಕಾಳು, ಪಾಪ್‌ಕಾರ್ನ್ ತಿನ್ನುವವರಿಗೆ ಚೀಲ ಊದಿಕೊಳ್ಳುವುದಾಗಲಿ ರಕ್ತ ಬರುವುದಾಗಲಿ ಹೆಚ್ಚೇನೂ ಆಗಿರಲಿಲ್ಲ. ಟೊಮೆಟೊ, ಬದನೆ, ಎಳ್ಳು ಎಲ್ಲ ಬಿಟ್ಟು ಸಪ್ಪೆ ಊಟ ಮಾಡಿಕೊಂಡಿರುವ ಹಿರಿಯರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವರಿಗೆ ಬೇಕಾದ ನಾರೇ ಅದರಿಂದ ತಪ್ಪುತ್ತದೆ.

ಈಗ ನಾನು ಉಳಿಸಿಕೊಂಡಿರುವುದು ಅಡುಗೆಮನೆಯ ದಾರಿ. ಮದುವೆ ಮನೆ, ಪ್ರಯಾಣ ಅಂತ ಊಟ ತಪ್ಪಿದ ದಿನಗಳಿಗೆ ಮಾತ್ರ ಇಸಬ್‌ಗೋಲ್. ಒಂಟಿಯಾಗಿರುವವರು, ಅಡುಗೆ ಕೈಲಾಗದವರು ದಿನವೂ ಇಸಬ್‌ಗೋಲ್ ತೆಗೆದುಕೊಂಡರೂ ತಪ್ಪಿಲ್ಲ, ನೀರಿನ ವಿಷಯ ಮರೆಯದಿದ್ದರೆ ಸಾಕು. ನಾರಿನಿಂದ ಆಗುವ ಉಪಯೋಗಕ್ಕೂ ಒಂದು ಮಿತಿ ಇದೆ. ನಾರು ಕಡಿಮೆಯಾದ್ದರಿಂದಲೇ ಈ ಚೀಲಗಳು ಬರುತ್ತವೆ ಅಂತ ಪೇಂಟರ್ ಮತ್ತು ಬರ್ಕಿಟ್ ಎಂಬ ಇಬ್ಬರು ವೈದ್ಯರು 1971ರಲ್ಲಿ ಬರೆದರು. ನಂತರದ ಕೆಲವು ಅಧ್ಯಯನಗಳು ಅದನ್ನು ಒಪ್ಪಿಲ್ಲ. ಜಾಸ್ತಿ ನಾರು ತಿನ್ನುವವರಲ್ಲಿ ಚೀಲ ಊದಿಕೊಳ್ಳುವುದು ಕಡಿಮೆ ಅಂತ ಹಲವು ಅಧ್ಯಯನಗಳು ತೋರಿಸಿವೆ, ಆದರೆ ನಾರು ತಿಂದರೆ ಮತ್ತೆ ಬರುವುದೇ ಇಲ್ಲ ಅಂತ ಯಾರೂ ಭರವಸೆ ಕೊಡಲಾರರು. ಅದಕ್ಕೇ ಯಾವಾಗ ಡಾಕ್ಟರ ಹತ್ತಿರ ಓಡಬೇಕು ಅಂತ ಗೊತ್ತಿರಬೇಕು.

ನಮ್ಮ ಭಾವನ ವಿಷಯ ಹೇಳುತ್ತೇನೆ. 78 ವರ್ಷ, ಮಂಡಿನೋವಿಗೆ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಿದ್ದರು. ಒಂದು ಬೆಳಿಗ್ಗೆ ನೋವೇನೂ ಇಲ್ಲದೆ ಮಲದ ಜಾಗದಲ್ಲಿ ಬರೀ ಕಡುಗೆಂಪು ರಕ್ತ, ಗಡ್ಡೆಗಳ ಸಮೇತ. ಮೂಲವ್ಯಾಧಿ ಇರಬೇಕು ಬಿಡು ಅಂತ ಅವರು ಮಲಗಿಕೊಂಡರು. ಮತ್ತೊಮ್ಮೆ ಹೋಗಿ ಬಂದು ಎದ್ದಾಗ ತಲೆ ಸುತ್ತಿತು, ಮೈ ಬೆವರಿತು. ಅಕ್ಕ ಫೋನ್ ಮಾಡಿದಳು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ಬಾಟಲಿ ರಕ್ತ ಕೊಟ್ಟರು. ಕೊಲೊನೋಸ್ಕೋಪಿಯಲ್ಲಿ ಚೀಲಗಳು ಕಂಡವು. ರಕ್ತ ತಾನಾಗಿಯೇ ನಿಂತಿತು, ಹೆಚ್ಚಿನವರಲ್ಲಿ ಹಾಗೇ ನಿಲ್ಲುತ್ತದಂತೆ. ಆದರೆ ನಿಲ್ಲುತ್ತದೋ ಇಲ್ಲವೋ ಅಂತ ಮನೆಯಲ್ಲಿ ಕಾಯುವುದಕ್ಕಾಗುವುದಿಲ್ಲ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಮಲದ ಮೇಲೆ ಗೆರೆಯಂತೆಯೋ ಹನಿ ಹನಿಯಾಗಿಯೋ ರಕ್ತ ಬರುತ್ತದೆ. ಹೀಗೆ ತುಂಬಾ ಬಂದರೆ ಅದು ತುರ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಈ ರಕ್ತಸ್ರಾವವನ್ನೂ ಚೀಲ ತೂತಾಗುವುದನ್ನೂ ಹೆಚ್ಚಿಸುತ್ತವೆ. ಚೀಲ ಇದೆ ಅಂತ ಗೊತ್ತಿರುವವರು ಅಂಗಡಿಯಿಂದ ಸುಮ್ನೆ ತಂದು ನುಂಗಬಾರದು. ಭಾವನಿಗೆ ಡಾಕ್ಟರು ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಬರೆದುಕೊಟ್ಟರು.

ಎಡಗಡೆ ಕಿಬ್ಬೊಟ್ಟೆಯಲ್ಲಿ ಬಿಡದೆ ನೋವು, ಜೊತೆಗೆ ಜ್ವರ ಇದ್ದರೆ ಅದೇ ದಿನ ತೋರಿಸಿ. ನಮ್ಮ ಕಡೆಯ ಕೆಲವರಿಗೆ ಚೀಲ ಬಲಗಡೆ ಇರುತ್ತದೆ, ಆಗ ಅದು ಅಪೆಂಡಿಕ್ಸ್ ನೋವಿನಂತೆಯೇ ಇರುತ್ತದೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ವಾಂತಿ ನಿಲ್ಲದಿದ್ದರೆ, ಮಲವೂ ಗ್ಯಾಸೂ ಹೋಗದಿದ್ದರೆ ತಡ ಮಾಡದೆ ತುರ್ತು ವಿಭಾಗಕ್ಕೇ ಹೋಗಿ. ಮೂತ್ರದಲ್ಲಿ ಗಾಳಿ ಗುಳ್ಳೆ ಬಂದರೆ, ಕೊಳಕು ವಾಸನೆ ಇದ್ದರೆ, ಮತ್ತೆ ಮತ್ತೆ ಮೂತ್ರದ ಸೋಂಕಾದರೆ ಅದನ್ನೂ ಹೇಳಿ. ಕರುಳಿಗೂ ಮೂತ್ರಕೋಶಕ್ಕೂ ಮಧ್ಯೆ ದಾರಿಯಾಗಿರಬಹುದು. ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, ಮಲದ ಅಭ್ಯಾಸ ಬದಲಾಗಿ ಹಾಗೇ ಉಳಿಯುವುದು, ಇವನ್ನು ಚೀಲದ ತಲೆಗೆ ಕಟ್ಟದೆ ಪರೀಕ್ಷೆ ಮಾಡಿಸಬೇಕು.

ತುಂಬಾ ವಯಸ್ಸಾದವರಲ್ಲಿ, ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜ್ವರ ಬಾರದೆ ಇರಬಹುದು, ನೋವೂ ಕಡಿಮೆ ಇರಬಹುದು. ಊಟ ಬೇಡ ಅನ್ನುವುದು, ಸುಸ್ತಾಗಿ ಮಲಗಿಬಿಡುವುದು, ಮಾತು ತಡಬಡಾಯಿಸಿ ಗೊಂದಲವಾಗುವುದು, ಅಷ್ಟೇ ಕಾಣಬಹುದು. ಆಸ್ಪತ್ರೆಗೆ ಹೋಗುವಾಗ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಬೇರೆ ಮಾತ್ರೆ ಇದ್ದರೆ ಮೊದಲೇ ಹೇಳಿ. ಅದನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ಡಾಕ್ಟರು ತೀರ್ಮಾನಿಸಲಿ.