ತಡವಾದ ಕಾಮಗಾರಿಗೆ ಯಾವ ಅಳತೆ: ಹಣದ್ದೋ, ಕಾಲದ್ದೋ?

ರಾಯಚೂರು ಜಿಲ್ಲೆಯ ಕಾಲುವೆ ಕಾಮಗಾರಿಯೊಂದು ತಿಂಗಳಿಗೆ 1 ಕೋಟಿ ರೂಪಾಯಿಯಂತೆ 10 ತಿಂಗಳಲ್ಲಿ ಮುಗಿಯಬೇಕಿತ್ತೆಂದು ಇಟ್ಟುಕೊಳ್ಳೋಣ. 12ನೆಯ ತಿಂಗಳ ಕೊನೆಗೆ 9 ಕೋಟಿಯಷ್ಟು ಕೆಲಸವಾಗಿದೆ. ಹಣದ ಲೆಕ್ಕದ ಶೆಡ್ಯೂಲ್ ವೇರಿಯನ್ಸ್, ಆದ ಕೆಲಸದ ಮೌಲ್ಯದಿಂದ ಯೋಜಿತ ಮೌಲ್ಯವನ್ನು ಕಳೆದು, 1 ಕೋಟಿ ಹಿಂದೆ ಎನ್ನುತ್ತದೆ; ಆದ ಕೆಲಸದ ಮೌಲ್ಯವನ್ನು ಯೋಜಿತ ಮೌಲ್ಯದಿಂದ ಭಾಗಿಸಿದರೆ ಬರುವ ಸೂಚ್ಯಂಕ 0.90. ಯೋಜಿತ ಮೌಲ್ಯ 10 ಕೋಟಿಗೇ ನಿಂತುಬಿಡುವುದರಿಂದ, ಕೆಲಸ 13ನೆಯ ತಿಂಗಳ ಕೊನೆಗೆ ಮುಗಿದರೂ ವ್ಯತ್ಯಾಸ ಸೊನ್ನೆಯಾಗಿ ಸೂಚ್ಯಂಕ 1ಕ್ಕೇರುತ್ತದೆ. ವಿಳಂಬ ಕಡತದಲ್ಲಿ ಕಾಣುವುದೇ ಇಲ್ಲ.

ಪ್ರಗತಿಯನ್ನು ಕಾಲದಲ್ಲಿ ಅಳೆಯುವ ಅರ್ನ್ಡ್ ಶೆಡ್ಯೂಲ್ ವಿಧಾನ ಕೇಳುವ ಪ್ರಶ್ನೆಯೇ ಬೇರೆ: ಈ 9 ಕೋಟಿಯ ಕೆಲಸ ಯೋಜನೆಯಂತೆ ಯಾವಾಗ ಆಗಬೇಕಿತ್ತು? 9ನೆಯ ತಿಂಗಳ ಕೊನೆಗೆ. ಆದ್ದರಿಂದ 3 ತಿಂಗಳು ಹಿಂದೆ. ಕಾಲದ ಸೂಚ್ಯಂಕ 9/12, ಅಂದರೆ 0.75. ಕೆಲಸ ಮುಗಿದ ದಿನವೂ ಅದು 10/13, ಸುಮಾರು 0.77 ಎಂದೇ ತೋರಿಸುತ್ತದೆ.

ಆರಂಭದಲ್ಲಿ ಹಣದ ಲೆಕ್ಕ ಸಾಕು. ಕೊನೆಯ ಹಂತದಲ್ಲಿ ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಯಾವ ತೂಬಿನ ಕೆಲಸ ಉಳಿದೆಲ್ಲವನ್ನೂ ತಡೆದಿದೆ ಎಂಬುದನ್ನು ಇದೂ ಹೇಳದು. ಅದಕ್ಕೆ ಕ್ರಿಟಿಕಲ್ ಪಾತ್, ಅಂದರೆ ಒಟ್ಟು ಅವಧಿಯನ್ನು ನಿರ್ಧರಿಸುವ ಕೆಲಸಗಳ ಸರಪಳಿಯನ್ನು, ನೋಡಲೇಬೇಕು.