ಆಫೀಸು ನವೀಕರಣಕ್ಕೆ ಕೊಟೇಶನ್ ಕೇಳುವ ಮುಂಚೆ ಇದನ್ನೊಮ್ಮೆ ಓದಿ

ಜಯನಗರದಲ್ಲಿ ಮೂರನೇ ಮಹಡಿಯಲ್ಲಿರೋ ನಮ್ಮ ಆಡಿಟ್ ಆಫೀಸನ್ನು ಹೋದ ವರ್ಷ ನವೀಕರಣ ಮಾಡಿಸಿದೆವು. ಮೂವರು ಕಂಟ್ರಾಕ್ಟರುಗಳಿಂದ ಕೊಟೇಶನ್ ತರಿಸಿ, ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟೆವು. ಅಲ್ಲೇ ಪೆಟ್ಟು ತಿಂದಿದ್ದು. ಆ ಕಂಟ್ರಾಕ್ಟರ್ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಏನು ಬೇಕು ಅಂತ ನಾವು ಸರಿಯಾಗಿ ಬರೆದುಕೊಟ್ಟಿರಲಿಲ್ಲ, ಹಾಗಾಗಿ ಮೂವರೂ ಮೂರು ಬೇರೆ ಬೇರೆ ಕೆಲಸಕ್ಕೆ ಬೆಲೆ ಹೇಳಿದ್ದರು. ನಾವು ಕೆಳಗಿನ ಮೊತ್ತವನ್ನಷ್ಟೇ ನೋಡಿದೆವು.

ನಾವು ಮಾಡಿದ್ದು ಇಷ್ಟು. ಒಬ್ಬೊಬ್ಬರನ್ನೂ ಬೇರೆ ಬೇರೆ ದಿನ ಕರೆಸಿ, ಜಾಗ ತೋರಿಸಿ, ಬಾಯಲ್ಲೇ ಹೇಳಿದೆವು: "ಹದಿನಾಲ್ಕು ಜನಕ್ಕೆ ಟೇಬಲ್, ಒಂದು ಕ್ಯಾಬಿನ್, ಒಂದು ಮೀಟಿಂಗ್ ರೂಮ್, ಹೊಸ ಟೈಲ್ಸ್, ಪೇಂಟ್, ಫಾಲ್ಸ್ ಸೀಲಿಂಗ್." ಮೊದಲನೆಯವರು 11,40,000 ರೂಪಾಯಿ ಅಂದರು. ಎರಡನೆಯವರು 14,60,000, ಮೂರನೆಯವರು 15,90,000. ಮೊದಲನೆಯದು ಒಂದೇ ಹಾಳೆ, ಹತ್ತು ಸಾಲು, ಹೆಚ್ಚಿನ ಸಾಲುಗಳ ಮುಂದೆ ಅಳತೆಯ ಜಾಗದಲ್ಲಿ "ಎಲ್‌ಎಸ್" ಅಂತಿತ್ತು. ಲಂಪ್‌ಸಮ್, ಅಂದರೆ ಒಟ್ಟಾರೆ ಮೊತ್ತ. ಎಲ್‌ಎಸ್ ಅಂತ ಕಂಡಲ್ಲೆಲ್ಲ ಎಷ್ಟು ಅಡಿ, ಎಷ್ಟು ಸಂಖ್ಯೆ ಅಂತ ಕೇಳಬೇಕು. ನಾವು ಕೇಳಲಿಲ್ಲ.

ಕೆಲಸ ಮುಗಿದು ಎರಡು ವಾರವಾಗಿತ್ತು. ಒಬ್ಬ ಕ್ಲೈಂಟು ಮೀಟಿಂಗ್ ರೂಮಿನಲ್ಲಿ ಕೂತು ಅಣ್ಣತಮ್ಮಂದಿರ ಆಸ್ತಿ ಪಾಲಿನ ವಿಷಯ ಹೇಳಿಕೊಳ್ಳುತ್ತಿದ್ದರು. ಹೊರಗೆ ಬಂದು ನೋಡಿದರೆ ನಮ್ಮಲ್ಲಿ ಸಿಎ ತರಬೇತಿಗಿರೋ ಆರ್ಟಿಕಲ್ ಹುಡುಗರು ತಲೆ ತಗ್ಗಿಸಿ ಕೂತಿದ್ದಾರೆ. ಒಳಗಿನ ಪ್ರತಿ ಮಾತೂ ಅವರಿಗೆ ಕೇಳಿಸಿತ್ತು. ಆ ಕ್ಲೈಂಟಿನ ಮುಖ ನೋಡೋಕೆ ನನಗೆ ಆಗಲಿಲ್ಲ. ಮರುದಿನ ಮೇಸ್ತ್ರಿಯನ್ನು ಕರೆಸಿದೆ. ಅವರು ಏಣಿ ಹತ್ತಿ, ಸೀಲಿಂಗಿನ ಒಂದು ಟೈಲ್ ಎತ್ತಿ, ಟಾರ್ಚ್ ಬಿಟ್ಟರು. ಎಂಟು ಅಡಿಗೆ ಪಾರ್ಟಿಷನ್ ಮುಗಿದಿದೆ. ಅದರ ಮೇಲೆ ಸ್ಲ್ಯಾಬಿನವರೆಗೆ ಎರಡೂವರೆ ಅಡಿ ಬರೀ ಖಾಲಿ. ಒಳಗಿನ ಮಾತು ಮೇಲೆ ಹತ್ತಿ ಪಕ್ಕದ ಹಾಲಿಗೆ ಇಳಿಯುತ್ತಿತ್ತು.

"ಸ್ಲ್ಯಾಬಿನವರೆಗೂ ಬೇಕು ಅಂತ ನೀವು ಹೇಳಿರಲಿಲ್ಲವಲ್ಲ ಸರ್" ಅಂದರು. ನಿಜ, ಹೇಳಿರಲಿಲ್ಲ.

ಲೆಕ್ಕ ನೋಡಿ. ನಮ್ಮ ಪಾರ್ಟಿಷನ್ನಿನ ಉದ್ದ 42 ಅಡಿ. ಎಂಟು ಅಡಿ ಎತ್ತರಕ್ಕೆ 336 ಚದರಡಿ ಆಗುತ್ತದೆ, ಹತ್ತೂವರೆ ಅಡಿಗೆ 441. ಚದರಡಿಗೆ 140 ರೂಪಾಯಿಯಂತೆ ಆ 105 ಚದರಡಿಗೆ 14,700. ಸದ್ದು ತಡೆಯೋಕೆ ಒಳಗೆ ತುಂಬುವ ಗ್ಲಾಸ್ ವುಲ್ ಕೂಡ ಅವರ ಹಾಳೆಯಲ್ಲಿ ಇರಲಿಲ್ಲ. ಅದಕ್ಕೆ ಚದರಡಿಗೆ 40ರಂತೆ 17,640. ಮೊದಲೇ ಹೇಳಿದ್ದರೆ ಇಷ್ಟರಲ್ಲೇ ಮುಗಿಯುತ್ತಿತ್ತು. ಆದರೆ ಬೋರ್ಡು ಎರಡೂ ಕಡೆ ಹೊಡೆದ ಮೇಲೆ ಗ್ಲಾಸ್ ವುಲ್ ಹಾಕಬೇಕೆಂದರೆ ಒಂದು ಕಡೆಯ ಬೋರ್ಡು ಬಿಚ್ಚಬೇಕು, ಸೀಲಿಂಗ್ ಬಿಚ್ಚಬೇಕು, ಮತ್ತೆ ಪುಟ್ಟಿ, ಮತ್ತೆ ಪೇಂಟ್. ಆ ಖರ್ಚೆಲ್ಲ ಬೇರೆ.

ಪಾರ್ಟಿಷನ್ ವಿಷಯದಲ್ಲಿ ಇನ್ನೊಂದು ಗಮನಿಸಿ. ಕೆಲವರು ಚದರಡಿಗೆ 85 ಅಂತ ಬರೆಯುತ್ತಾರೆ, ಕೆಲವರು 140. ಎಂಬತ್ತೈದೇ ಅಗ್ಗ ಅನ್ನಿಸುತ್ತೆ. ಆದರೆ ಅವರು ಗೋಡೆಯ ಎರಡೂ ಮುಖವನ್ನು ಬೇರೆ ಬೇರೆ ಅಳೆಯುವವರಾದರೆ ಅದು 170 ಆಯಿತು. "ಎರಡೂ ಕಡೆ ಬೋರ್ಡು ಸೇರಿ, ಅಳತೆ ಒಂದೇ ಕಡೆ" ಅಂತ ನೀವೇ ಬರೆದುಕೊಡಿ.

ಕರೆಂಟ್ ಕೆಲಸದಲ್ಲೂ ಇದೇ ಆಯಿತು. ನಾವು ಹದಿನಾಲ್ಕು ಟೇಬಲ್ ಅಂದಿದ್ದಕ್ಕೆ ಅವರು ಹದಿನಾಲ್ಕು ಪಾಯಿಂಟ್ ಹಿಡಿದಿದ್ದರು. ಒಂದು ಟೇಬಲ್ಲಿಗೆ ನಮಗೆ ಬೇಕಿದ್ದು ಯುಪಿಎಸ್‌ನ ಎರಡು ಸಾಕೆಟ್, ಮಾಮೂಲಿ ಕರೆಂಟಿನ ಒಂದು. ಅಂದರೆ 42 ಪಾಯಿಂಟ್. ಉಳಿದ 28ಕ್ಕೆ 850ರಂತೆ 23,800 ಆಯಿತು. ಅದಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಪಾಯಿಂಟ್ ರೇಟು ಅಂದರೆ ಸಾಮಾನ್ಯವಾಗಿ ಸ್ವಿಚ್‌ಬೋರ್ಡಿನಿಂದ ಆ ಪಾಯಿಂಟಿನವರೆಗಿನ ವೈರಿಂಗ್ ಮಾತ್ರ. ಇಡೀ ಆಫೀಸಿಗೆ ಕರೆಂಟ್ ಹಂಚುವ ಡಿಬಿ ಬಾಕ್ಸಿನಿಂದ ಸ್ವಿಚ್‌ಬೋರ್ಡಿಗೆ ಬರುವ ವೈರನ್ನು ಮೀಟರ್ ಲೆಕ್ಕದಲ್ಲಿ ಬೇರೆ ಹಾಕುತ್ತಾರೆ. ನಮಗೆ ಅದೇ 31,000 ಬಂತು. ಎರಡನೇ ಕಂಟ್ರಾಕ್ಟರ್ ತಮ್ಮ ಕೊಟೇಶನ್ನಿನಲ್ಲಿ ಅದನ್ನು ಒಂದು ಸಾಲಾಗಿ ಬರೆದೇ ಇದ್ದರು. ಇವರು ಸುಮ್ಮನೆ ಸಾಲು ಜಾಸ್ತಿ ಮಾಡಿದ್ದಾರೆ ಅಂತ ಆಗ ನನಗೆ ಅನ್ನಿಸಿತ್ತು. ಈಗ ನೆನೆದರೆ ಬೇಜಾರಾಗುತ್ತೆ.

ಹಳೇ ಟೈಲ್ಸ್ ಕಿತ್ತು ಡೆಬ್ರಿಸ್ ಸಾಗಿಸೋದೂ ಮೊದಲನೆಯವರ ಹಾಳೆಯಲ್ಲಿ ಇರಲಿಲ್ಲ, ಅದಕ್ಕೆ 48,000. ನಮ್ಮ ಕಟ್ಟಡದಲ್ಲಿ ಲಿಫ್ಟಿನಲ್ಲಿ ಡೆಬ್ರಿಸ್ ಒಯ್ಯೋ ಹಾಗಿಲ್ಲ, ಒಡೆಯೋ ಕೆಲಸ ಸಂಜೆ ಏಳರ ಮೇಲೆ ಅಥವಾ ಭಾನುವಾರ ಮಾತ್ರ. ಬೆಂಗಳೂರಿನಲ್ಲಿ ಅನೇಕ ಕಮರ್ಷಿಯಲ್ ಕಟ್ಟಡಗಳಲ್ಲಿ ಇಂಥ ನಿಯಮ ಇರುತ್ತೆ. ಓನರ್ ಹತ್ತಿರ ಕೇಳಿ, ಅದನ್ನು ಕೊಟೇಶನ್ ಕೇಳುವಾಗಲೇ ಮೂವರಿಗೂ ತಿಳಿಸಬೇಕು. ಮೂರನೇ ಮಹಡಿಯಿಂದ ಮೂಟೆ ಹೊತ್ತು ಇಳಿಸುವ ಕೂಲಿ ಸಣ್ಣದಲ್ಲ.

ಈಗ ಇಷ್ಟನ್ನೂ ಮೊದಲನೆಯ ಕೊಟೇಶನ್ನಿಗೆ ಸೇರಿಸಿ. ಬಿಟ್ಟುಹೋದವು ಒಟ್ಟು 1,35,140. ಮೊತ್ತ 12,75,140 ಆಯಿತು. ಹಾಳೆಯ ಕೊನೆಯಲ್ಲಿ ಸಣ್ಣದಾಗಿ "ಜಿಎಸ್‌ಟಿ ಪ್ರತ್ಯೇಕ" ಅಂತಿತ್ತು. ಶೇ. 18 ಅಂದರೆ 2,29,525. ಎಲ್ಲ ಸೇರಿ 15,04,665. ಎರಡನೆಯವರ 14,60,000ದಲ್ಲಿ ಈ ಎಲ್ಲ ಕೆಲಸವೂ ಇತ್ತು, ಜಿಎಸ್‌ಟಿಯೂ ಸೇರಿತ್ತು. ಮೂರು ಲಕ್ಷಕ್ಕಿಂತ ಹೆಚ್ಚು ಅಗ್ಗ ಅಂದುಕೊಂಡಿದ್ದು ನಿಜಕ್ಕೂ 44,665 ರೂಪಾಯಿ ದುಬಾರಿ. ಅದೂ ಬಿಚ್ಚಿ ಮತ್ತೆ ಕಟ್ಟಿದ ಖರ್ಚು ಬಿಟ್ಟು. ಐದು ವಾರ ತಡವಾಗಿದ್ದು ಬೇರೆ.

ಈ ಲೆಕ್ಕ ಹಾಕೋಕೆ ನನಗೆ ಒಂದು ಸಂಜೆ ಸಾಕಾಯಿತು. ಕೊಟೇಶನ್ ಕೈಗೆ ಬಂದ ದಿನವೇ ಹಾಕಬಹುದಿತ್ತು. ಈಗಾಗಲೇ ಕೊಟೇಶನ್ ತರಿಸಿರುವವರು ಇದನ್ನೇ ಮಾಡಿ. ಮೂರನ್ನೂ ಪಕ್ಕ ಪಕ್ಕ ಇಟ್ಟು, ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿ ಇಲ್ಲದ ಸಾಲಿಗೆ ಇದ್ದವರ ಬೆಲೆಯನ್ನೇ ತುಂಬಿ, ತೆರಿಗೆ ಸೇರಿಸಿ, ಆಮೇಲೆ ಹೋಲಿಸಿ. ಬಿಟ್ಟವರಿಗೆ ಫೋನ್ ಮಾಡಿ ಅವರ ಬೆಲೆಯನ್ನೂ ಕೇಳಿ.

ಇನ್ನೂ ಕರೆದಿಲ್ಲ ಅನ್ನೋರು ಕೆಲಸದ ಪಟ್ಟಿಯನ್ನು ತಾವೇ ಮಾಡಿ. ಮಲ್ಲೇಶ್ವರದ ನಮ್ಮ ಸಣ್ಣ ಶಾಖೆಗೆ ಈ ವರ್ಷ ನಾನು ಹಾಗೇ ಮಾಡಿದೆ. ಟೇಪ್ ಹಿಡಿದು ಅಳೆದು, ಪ್ಲಾನಿನ ಮೇಲೆ ಒಂದೊಂದು ಸಾಕೆಟ್ಟನ್ನೂ ಗುರುತು ಹಾಕಿ ಎಣಿಸಿ, ಕೆಲಸ, ಅಳತೆ, ಪ್ರಮಾಣ ಎಲ್ಲ ತುಂಬಿ, ರೇಟಿನ ಕಾಲಂ ಮಾತ್ರ ಖಾಲಿ ಬಿಟ್ಟು ಮೂವರಿಗೂ ಒಂದೇ ಹಾಳೆ ಕೊಟ್ಟೆ. ಟೈಲ್ಸಿಗೆ ಅಂಗಡಿಯಲ್ಲಿ ಚದರಡಿಗೆ ಇಷ್ಟು ಬೆಲೆಯದು ಅಂತ ಬರೆದೆ, ಇಲ್ಲದಿದ್ದರೆ ಒಬ್ಬರು 50ರದ್ದು, ಇನ್ನೊಬ್ಬರು 90ರದ್ದು ಹಿಡಿಯುತ್ತಾರೆ. ಮೂವರನ್ನೂ ಒಂದೇ ದಿನ ಜಾಗಕ್ಕೆ ಕರೆಸಿದೆ. ಒಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಉಳಿದ ಇಬ್ಬರಿಗೂ ವಾಟ್ಸಾಪ್ ಮಾಡಿದೆ.

ಎಲ್ಲವನ್ನೂ ಮುಂಚೆ ಎಣಿಸೋಕೆ ಆಗೋದಿಲ್ಲ. ಹಳೇ ಟೈಲ್ಸ್ ಕಿತ್ತ ಮೇಲೆ ಕೆಳಗೆ ಎಷ್ಟು ಲೆವೆಲಿಂಗ್ ಬೇಕಾದೀತು ಅನ್ನೋದು ಯಾರಿಗೂ ಕಾಣಿಸೋದಿಲ್ಲ. ಅಂಥದ್ದಕ್ಕೆ ನೂರು ಚದರಡಿ ಅಂತ ಅಂದಾಜು ಬರೆದು ರೇಟು ಪಡೆದುಕೊಂಡೆ, ಕೆಲಸ ಆದಷ್ಟಕ್ಕೆ ಅಳೆದು ಕೊಡೋದು ಅಂತ ಒಪ್ಪಂದ. ಕೆಲಸ ಜಾಸ್ತಿಯಾದರೂ ಇದೇ ರೇಟು ಅನ್ನೋ ಸಾಲಿಗೆ ಮೂವರ ಕೈಲೂ ಸಹಿ ಹಾಕಿಸಿಕೊಂಡೆ. ಅಲ್ಲಿ ಕೊನೆಗೆ ಲೆವೆಲಿಂಗ್ 160 ಚದರಡಿ ಆಯಿತು. ಮೇಸ್ತ್ರಿಯೂ ನಾನೂ ಸೇರಿ ಟೇಪ್ ಹಿಡಿದೆವು, ಹಾಳೆಯಲ್ಲಿದ್ದ ರೇಟಿಗೆ ಗುಣಿಸಿದೆವು, ಒಂದು ಮಾತೂ ಹೆಚ್ಚುಕಡಿಮೆ ಆಗಲಿಲ್ಲ.